ಬಣ್ಣದಕ್ಕನ ಐನೂರು ಸೀರೆ

ಸಗಟು ಸೀರೆ ಅಂಗಡಿಯ ಮೆತ್ತೆಯ ಮೇಲೆ ಕೂತು ಇಪ್ಪತ್ತೆರಡು ವರ್ಷ ಸೀರೆ ಬಿಚ್ಚಿ ತೋರಿಸಿದವಳಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಎಲ್ಲರಿಗೂ ಅವಳು ಬಣ್ಣದಕ್ಕ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವರ ಮೈಬಣ್ಣ ನೋಡಿ, ಕೈಚೀಲದ ಸವೆತ ನೋಡಿ, ಯಾವ ಕಪಾಟಿಗೆ ಕೈಹಾಕಬೇಕೆಂದು ಅವಳು ನಿರ್ಧರಿಸಿಬಿಡುತ್ತಿದ್ದಳು. ಮಗ್ಗದವರ ಊರುಗಳಿಗೆ ಗಂಡನ ಜೊತೆ ತಾನೇ ಹೋಗಿ ಮಾಲು ಆರಿಸುತ್ತಿದ್ದಳು. ಅಂಚನ್ನು ಬೆರಳ ನಡುವೆ ಉಜ್ಜಿ, "ಇದು ಮೂರು ಒಗೆತಕ್ಕೆ ಕೈಕೊಡುತ್ತೆ, ಪಕ್ಕಕ್ಕಿಡಿ" ಎಂದರೆ ಅದು ಪಕ್ಕಕ್ಕೇ ಸರಿ. ಲೆಕ್ಕದ ಕೆಲಸ ಗಂಡನದು. ಒಂದು ಸೀರೆಗೆ ಬಿದ್ದದ್ದೆಷ್ಟು, ಹೇಳಬೇಕಾದ್ದೆಷ್ಟು, ಬಿಡಬಹುದಾದ್ದೆಷ್ಟು, ಇಷ್ಟು ಅವಳ ಬಾಯಲ್ಲೇ ಇರುತ್ತಿತ್ತು. ವರ್ಷದ ಕೊನೆಗೆ ಎಲ್ಲವನ್ನೂ ಕೂಡಿ ಕಳೆದು ನೋಡುವ ಕೆಲಸಕ್ಕೆ ಅವಳು ತಲೆ ಹಾಕಿದವಳಲ್ಲ.

ಅಂಗಡಿ ಅಣ್ಣತಮ್ಮ ಇಬ್ಬರದು. ಅಣ್ಣ, ಅಂದರೆ ಬಣ್ಣದಕ್ಕನ ಗಂಡ, ಎದೆನೋವೆಂದು ಕುರ್ಚಿಯಲ್ಲಿ ಕೂತವನು ಎದ್ದೇಳಲಿಲ್ಲ. ಅವನ ಅರ್ಧ ಪಾಲು ಹೆಂಡತಿ ಮಕ್ಕಳಿಗೆ ಬಂತು. ಮಗ, ಮಗಳು ಇಬ್ಬರೂ ತಮ್ಮ ಹಕ್ಕನ್ನು ತಾಯಿಯ ಹೆಸರಿಗೇ ಬರೆದುಕೊಟ್ಟರು. ರುಜು ಹಾಕುವಾಗ ಮಗಳು ತಾಯಿಯ ಮುಖ ನೋಡಿದಳು. ಬಣ್ಣದಕ್ಕ ಆಗ ಬೇರೆ ಏನೋ ಹುಡುಕುತ್ತಿದ್ದಳು, ಕನ್ನಡಕವೋ, ಪೆನ್ನಿನ ಮುಚ್ಚಳವೋ.

ಮೈದುನ ಕೆಟ್ಟ ಮಾತಾಡುವವನಲ್ಲ, ಅದೇ ಅವನ ದೊಡ್ಡ ಅಪಾಯ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುತ್ತಿದ್ದ. ನಾಲ್ಕು ವರ್ಷ, "ಈ ಸಲ ಲಾಭ ಎಲ್ಲಿ ಅತ್ತಿಗೆ, ಮಗ್ಗದವರಿಗೇ ಸರಿಹೋಯ್ತು" ಎಂದು ತಿಂಗಳಿಗೊಂದಿಷ್ಟು ಮನೆಖರ್ಚಿಗೆ ಕೊಟ್ಟು ಕೈತೊಳೆದುಕೊಂಡ. ಇತ್ತ ಬಣ್ಣದಕ್ಕನ ಮಗ, ಮದುವೆಯಾಗಿ ಎರಡು ವರ್ಷವಾದರೂ ಕೆಲಸವಿಲ್ಲದವನು, ದಿನಾ ಊಟದ ತಟ್ಟೆಯ ಮುಂದೆ ಅದನ್ನೇ ತೆಗೆಯುತ್ತಿದ್ದ: "ಪಾಲು ಕೇಳಮ್ಮ. ನನಗೊಂದು ಅಂಗಡಿ ಆಗುತ್ತೆ." ಮಗಳು ಅದೇ ತಟ್ಟೆಗಳನ್ನು ತೊಳೆದು, ಸೀರೆ ಅಂಗಡಿಗೆ ಹೋಗಿ ಚಿಕ್ಕಪ್ಪನ ಲೆಕ್ಕದ ಮೇಜಿನಲ್ಲಿ ಕೂರುತ್ತಿದ್ದಳು. ವಾಣಿಜ್ಯದ ಓದಿನಲ್ಲಿ ಎರಡನೇ ವರ್ಷಕ್ಕೇ ಅವಳನ್ನು ಬಿಡಿಸಿದ್ದರು. ಅದೇ ವರ್ಷ ಅವಳ ಅಣ್ಣನಿಗೆ ಬೈಕು ಬಂದಿತ್ತು.

ಕೊನೆಗೊಂದು ದಿನ ಬಣ್ಣದಕ್ಕ ಮೈದುನನ ಎದುರು ನಿಂತೇಬಿಟ್ಟಳು. "ನೋಡಪ್ಪ, ಅರ್ಧ ಅಂಗಡಿ ನಂದು. ಬೇರೆ ಮಾಡಿಕೊಡು."

ಮೈದುನ ಸಿಟ್ಟಾಗಲಿಲ್ಲ. ಟೀ ತರಿಸಿದ. "ಬೇರೆ ಆಗಿ ಏನು ಮಾಡ್ತೀರಿ ಅತ್ತಿಗೆ? ಸೀರೆ ಆರಿಸೋದು ಬೇರೆ, ವ್ಯಾಪಾರ ಮಾಡೋದು ಬೇರೆ."

"ಈ ಅಂಗಡೀಲಿ ಓಡಿದ ಮಾಲೆಲ್ಲ ನನ್ನ ಕಣ್ಣಿಂದ ಓಡಿದ್ದು."

"ಹಂಗಾದ್ರೆ ತೋರಿಸಿಬಿಡಿ." ಅವನು ಬಟ್ಟಲು ಕೆಳಗಿಟ್ಟ. "ಒಂದು ಲಾಟು ಮಾಲು ನೀವೇ ತನ್ನಿ, ನೀವೇ ಮಾರಿ. ದುಡ್ಡು ಅಂಗಡೀದು. ಈ ಋತು ಮುಗಿಯೋದ್ರೊಳಗೆ ಇಡೀ ಲಾಟಿನ ಮೇಲೆ ನೂರಕ್ಕೆ ಇಪ್ಪತ್ತು ಲಾಭ ಬಂದ್ರೆ ಅರ್ಧ ಅಂಗಡಿ ಗೋಡೆ ಹಾಕಿ ಕೊಡ್ತೀನಿ. ಬರಲಿಲ್ಲ ಅಂದ್ರೆ ನಾನು ಕೊಟ್ಟಷ್ಟು ತಗೊಂಡು ಪಾಲು ಬಿಟ್ಟುಕೊಡಿ."

ಕಾನೂನಿನ ಪ್ರಕಾರ ಅವಳದ್ದೇ ಆದ ಪಾಲನ್ನು ಪಂದ್ಯಕ್ಕೆ ಒಡ್ಡುವುದು ಹುಚ್ಚು. ಆದರೆ ಮೆತ್ತೆಯ ಮೇಲಿದ್ದ ನಾಲ್ಕು ಜನ ಮಾರಾಟದವರು ಕೇಳಿಸಿಕೊಳ್ಳುತ್ತಿದ್ದರು. ನ್ಯಾಯಾಲಯದ ಮೆಟ್ಟಿಲು ಹತ್ತಿದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು ಬಂದೀತು. ಎಲ್ಲಕ್ಕಿಂತ ಹೆಚ್ಚಾಗಿ, ಅವಳ ಕಣ್ಣಿಗೆ ಯಾರೋ ಸವಾಲು ಹಾಕಿದ್ದರು. ಅವಳು ಕರಾರುಪತ್ರಕ್ಕೆ ರುಜು ಹಾಕಿದಳು. ಬರೆದವಳು ಮಗಳು, ಅವಳ ಅಕ್ಷರ ದುಂಡಗಿತ್ತು.

ಬಣ್ಣದಕ್ಕ ಐನೂರು ಸೀರೆ ತಂದಳು. ಹತ್ತಿ-ರೇಷ್ಮೆ ಬೆರಕೆ, ಅಗಲ ಅಂಚು. ಸಾಗಾಣಿಕೆ ಎಲ್ಲ ಸೇರಿ ಒಂದಕ್ಕೆ ಎಂಟುನೂರು ಬಿತ್ತು. ಒಟ್ಟು ನಾಲ್ಕು ಲಕ್ಷ. ನಲವತ್ತು ಪರ್ಸೆಂಟು ಇಟ್ಟು ಸಾವಿರದ ನೂರ ಇಪ್ಪತ್ತು ಎಂದು ಚೀಟಿ ಅಂಟಿಸಿದಳು. ಇನ್ನೂರು ಸೀರೆ ಗಾಢ ಬಣ್ಣದವು: ನೇರಳೆ, ಕಡುಗೆಂಪು, ನವಿಲುನೀಲಿ. ಉಳಿದ ಮುನ್ನೂರು ತಿಳಿಬಣ್ಣ, ಬೂದಿ, ಮಾಸಲು ಹಸಿರು, ಸುಣ್ಣದ ಬಿಳುಪಿಗೆ ಹತ್ತಿರದ ಹಳದಿ. ಈ ಸಲ ತಿಳಿಬಣ್ಣಕ್ಕೇ ಕಾಲ ಎಂದು ಅವಳ ಮನಸ್ಸು ಹೇಳಿತ್ತು.

ಅವಳ ಜೀವನದಲ್ಲಿ ಅಷ್ಟು ದೊಡ್ಡದಾಗಿ ಮನಸ್ಸು ತಪ್ಪಿದ್ದು ಅದೊಂದೇ ಸಲ. ಗಾಢ ಬಣ್ಣದ ಇನ್ನೂರೂ ಬಿಸಿ ದೋಸೆಯ ಹಾಗೆ ಹೋದವು, ಒಂದು ರೂಪಾಯಿ ಕಡಿಮೆಯಿಲ್ಲದೆ. ತಿಳಿಬಣ್ಣದವನ್ನು ಚಿಲ್ಲರೆ ಅಂಗಡಿಯವರು ಬಿಚ್ಚಿಸಿದರು, ನೋಡಿದರು, ಮಡಿಸಿಟ್ಟರು. "ಒಗೆದ ಸೀರೆ ಥರ ಇದೆಯಲ್ಲಕ್ಕ" ಎಂದೊಬ್ಬ ನಕ್ಕ. ಅವಳೂ ನಕ್ಕಳು. ಸಂಜೆ ಮನೆಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತಳು.

ಋತು ಮುಗಿಯಲು ವಾರವೊಂದು ಉಳಿದಾಗ ಮುನ್ನೂರು ಸೀರೆ ಹಾಗೇ ಕೂತಿದ್ದವು. ಮಿಕ್ಕ ಮಾಲನ್ನು ಇಳಿಸಿ ಕೊಡುವ ತೀರುವಳಿ ಬೆಲೆಗೆ ಬಿಡದೆ ಗತಿಯಿರಲಿಲ್ಲ. ಎಷ್ಟಕ್ಕೆ ಬಿಡಬಹುದು? ಬೆಳಿಗ್ಗೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಅವಳು ಲೆಕ್ಕ ಹಾಕಿದಳು. ಪೂರ್ತಿ ಬೆಲೆಗೆ ಹೋದದ್ದರಲ್ಲಿ ನಲವತ್ತು. ಉಳಿದದ್ದನ್ನು ಬಿದ್ದ ಬೆಲೆಗೇ ಬಿಟ್ಟರೆ ಸೊನ್ನೆ. ನಲವತ್ತೂ ಸೊನ್ನೆಯೂ ಸೇರಿ ನಲವತ್ತು, ಅದರ ಅರ್ಧ ಇಪ್ಪತ್ತು. ಕರಾರು ಕೇಳಿದ್ದೂ ಇಪ್ಪತ್ತು! ದಂಟು ಅವಳ ಕೈಯಿಂದ ಜಾರಿತು. ಮತ್ತೊಂದು ಸಲ ಹಾಕಿದಳು. ಅಷ್ಟೇ ಬಂತು.

ಮಗಳು ಒಲೆಯ ಮುಂದೆ ನಿಂತು ಡಬ್ಬಿಗೆ ಅನ್ನ ತುಂಬುತ್ತಿದ್ದಳು.

"ಏನೇ, ಒಂದು ಹೇಳು. ಅರ್ಧದಲ್ಲಿ ನಲವತ್ತು ಬಂತು, ಮಿಕ್ಕಿದ್ದರಲ್ಲಿ ಏನೂ ಬರಲಿಲ್ಲ ಅನ್ನು. ಒಟ್ಟು ಇಪ್ಪತ್ತಲ್ವಾ?"

ಮಗಳ ಸೌಟು ನಿಂತಿತು. "ಅರ್ಧದಲ್ಲಿ ಅಂದ್ರೆ?"

"ಅದೇ, ಗಾಢ ಬಣ್ಣದವು ನಲವತ್ತಕ್ಕೆ ಹೋದ್ವಲ್ಲ. ತಿಳಿಬಣ್ಣದವನ್ನ ಅಸಲಿಗೆ ಬಿಟ್ರೆ. ಇಪ್ಪತ್ತು ಆಗುತ್ತಲ್ವೇನೇ?"

ಪಕ್ಕದ ಕೋಣೆಯಿಂದ ಮಗನ ದನಿ ಬಂತು. ಮಲಗಿದ್ದಲ್ಲಿಂದಲೇ ಹೆಂಡತಿಗೆ ಹೇಳುತ್ತಿದ್ದ: "ಮುಂದಿನ ತಿಂಗಳು ನಾನು ಗಲ್ಲಾದ ಮೇಲೆ ಕೂತಿರ್ತೀನಿ ನೋಡ್ತಿರು. ಮೊದಲು ಲೆಕ್ಕದೋರನ್ನ ಬದಲಾಯಿಸ್ತೀನಿ. ತಂಗಿಗೆ ಯಾವುದಾದ್ರೂ ಗಂಡು ಹುಡುಕಿ ಸಾಗಿಸಿದ್ರೆ ಆಯ್ತು."

ಬಣ್ಣದಕ್ಕ ಅದನ್ನು ಕೇಳಿಸಿಕೊಂಡಳು. ಮಗಳೂ ಕೇಳಿಸಿಕೊಂಡಳು. ತಾಯಿ ಏನಾದರೂ ಅಂದಾಳೇನೋ ಎಂದು ಅವಳು ಒಂದು ಗಳಿಗೆ ಕಾದಳು. ತಾಯಿ ಅಂದದ್ದು ಇಷ್ಟೇ: "ಹೇಳೇ, ಹೊತ್ತಾಯ್ತು."

"ಹೂಂ," ಎಂದಳು ಮಗಳು. "ಇಪ್ಪತ್ತೇ."

ಡಬ್ಬಿಯ ಮುಚ್ಚಳ ಒತ್ತಿ, ಚಪ್ಪಲಿ ಮೆಟ್ಟಿ ಹೊರಟುಹೋದಳು.

ಆ ದಿನ ಮಧ್ಯಾಹ್ನವೇ ಕಂತಿನಮ್ಮ ಬಂದಳು. ಏಳೆಂಟು ಹೆಂಗಸರ ಕೈಗೆ ಸೀರೆ ಕೊಟ್ಟು, ಮನೆಮನೆಗೆ ಕಳಿಸಿ, ವಾರದ ಕಂತಿನಲ್ಲಿ ಹಣ ವಸೂಲಿ ಮಾಡುವ ಗಟ್ಟಿಗಿತ್ತಿ ಅವಳು. ಮುನ್ನೂರನ್ನೂ ಎಳೆದೆಳೆದು ನೋಡಿದಳು.

"ಬಣ್ಣ ಸಪ್ಪೆ. ಏಳುನೂರ ಐವತ್ತು."

"ಅಂಚು ನೋಡಿ ಮಾತಾಡು. ಒಂಬೈನೂರು."

ಇಬ್ಬರೂ ಹಳೆ ಕುಸ್ತಿಪಟುಗಳು. ಒಬ್ಬಳು ಹತ್ತು ಏರಿದಳು, ಒಬ್ಬಳು ಹತ್ತು ಇಳಿದಳು. ಕಂತಿನಮ್ಮ ಎದ್ದಳು, ಕೂತಳು, ಬಾಗಿಲವರೆಗೆ ಹೋದಳು, ಬಂದಳು. ಬಣ್ಣದಕ್ಕ ಎಂಟುನೂರ ಅರವತ್ತಕ್ಕೆ ಬಂದು ನಿಂತಾಗ ಕಂತಿನಮ್ಮ ಸುಮ್ಮನೆ ಕೈಚೀಲದ ಜಿಪ್ಪು ಎಳೆದು ಒಳಗೆ ಇಣುಕಿದಳು. ಆ ಇಣುಕಿನ ಅರ್ಥ ಯಾವ ಸೀರೆ ಅಂಗಡಿಯವರಿಗೂ ಗೊತ್ತು. ಗಿರಾಕಿ ಒಪ್ಪಿಯಾಗಿದೆ. ಆದರೂ ಬಾಯಿಚಟಕ್ಕೆ ಅವಳು ಕೊನೆಯದೊಂದು ಕಲ್ಲು ಎಸೆದಳು: "ಎಂಟುನೂರು ಮಾಡಕ್ಕ. ಎಲ್ಲಾ ಇವತ್ತೇ ಎತ್ತಿಸ್ತೀನಿ, ಎಲ್ಲಾ ನಗದು. ನನ್ನ ಹೆಂಗಸರಿಗೂ ನಾಲ್ಕು ಕಾಸು ಮಿಗಲಿ."

ಬೇರೆ ದಿನವಾಗಿದ್ದರೆ ಬಣ್ಣದಕ್ಕ ನಕ್ಕು, ಎಂಟುನೂರ ಅರವತ್ತಕ್ಕೇ ಗಂಟು ಕಟ್ಟಿಸುತ್ತಿದ್ದಳು. ಇವತ್ತು ಅವಳಿಗೆ ಎಂಟುನೂರು ಸಾಕಿತ್ತು. ಎಂಟುನೂರಕ್ಕೆ ಇಪ್ಪತ್ತಾಗುತ್ತಿತ್ತು. ಮೇಲಿನದನ್ನು ತಾನು ಪಡೆದರೂ ಈಗ ಅದು ಅಂಗಡಿಯ ಹಣ, ಅಂದರೆ ಅರ್ಧ ಮೈದುನನದು. ಅವನಿಗೇಕೆ, ಇವಳ ಹೆಂಗಸರೇ ತಿನ್ನಲಿ.

"ತಗೊಂಡು ಹೋಗು," ಎಂದಳು. "ಬದುಕಿಕೊ."

ಮೈದುನ ಗಲ್ಲಾದಿಂದ ನೋಡುತ್ತಿದ್ದ. ಗಂಟುಗಳು ಮೆಟ್ಟಿಲಿಳಿಯುವಾಗ ತಾನೇ ಎದ್ದು ಬಾಗಿಲು ಹಿಡಿದ. "ಭಲೇ ಅತ್ತಿಗೆ! ಒಂದೇ ಏಟಿಗೆ ಮುನ್ನೂರು!" ಎಂದ. ಆ ಸಂಜೆ ಅವಳು ಎಲ್ಲರಿಗೂ ಸಿಹಿ ಹಂಚಿದಳು. ಮಗಳು ತನ್ನ ಪಾಲಿನದನ್ನು ಕಾಗದದಲ್ಲಿ ಸುತ್ತಿ ಮೇಜಿನ ಮೇಲೇ ಬಿಟ್ಟುಹೋದಳು.

ಮಾರನೆಯ ದಿನ ಮೈದುನ ಅಂಗಡಿಯ ಹಿಂದಿನ ಕೋಣೆಗೆ ಎಲ್ಲರನ್ನೂ ಕರೆದ. ಬಣ್ಣದಕ್ಕನ ಮಗ ಇಸ್ತ್ರಿ ಮಾಡಿದ ಅಂಗಿ ಹಾಕಿ, ಗೋಡೆ ಎಲ್ಲಿ ಬರಬೇಕು ಎಂದು ಕಣ್ಣಲ್ಲೇ ಅಳೆಯುತ್ತ ನಿಂತಿದ್ದ. ಮಾರಾಟದವರು ಬಾಗಿಲ ಬಳಿ ಗುಂಪುಗೂಡಿದ್ದರು.

"ಅತ್ತಿಗೆ, ನೀವೇ ಹೇಳಿ. ಎಷ್ಟು ಬಂತು ಲಾಭ?"

"ನೂರಕ್ಕೆ ಇಪ್ಪತ್ತು."

"ಹೇಗೆ?"

ಅವಳು ಹೇಳಿದಳು. ನಲವತ್ತು, ಸೊನ್ನೆ, ಅರ್ಧ. ಮೈದುನ ತಲೆಯಾಡಿಸುತ್ತ ಪೂರ್ತಿ ಕೇಳಿದ. ಆಮೇಲೆ ಕಪಾಟಿನಿಂದ ಐದು ಸೀರೆ ತೆಗೆದು ಅವಳ ಮುಂದೆ ಸಾಲಾಗಿ ಇಟ್ಟ. ಎರಡನ್ನು ಅವಳ ಕಡೆ ತಳ್ಳಿದ.

"ಅಂಗಡೀಲಿ ಕೂತಿರೋರಿಗೆ ಸೀರೆ ಮೂಲಕವೇ ಹೇಳಬೇಕು, ಅಲ್ವಾ? ಒಂದೊಂದು ಸೀರೆ ನೂರಕ್ಕೆ ಸಮ ಅನ್ನಿ. ಇವೆರಡು ಪೂರ್ತಿ ಬೆಲೆಗೆ ಹೋದವು. ಒಂದಕ್ಕೆ ಮುನ್ನೂರ ಇಪ್ಪತ್ತು ಲಾಭ, ಇನ್ನೂರಕ್ಕೆ ಅರವತ್ತನಾಲ್ಕು ಸಾವಿರ. ಈ ಮೂರು, ನೀವು ಅಸಲಿಗೆ ಕೊಟ್ಟ ಮುನ್ನೂರು. ಲಾಭ ಇಲ್ಲ. ಒಟ್ಟು ಹಾಕಿದ್ದು ನಾಲ್ಕು ಲಕ್ಷ, ಬಂದ ಲಾಭ ಅರವತ್ತನಾಲ್ಕು ಸಾವಿರ. ನೂರಕ್ಕೆ ಹದಿನಾರು."

ಯಾರೋ ಕೆಮ್ಮಿದರು.

"ಎರಡು ಗುಂಪೂ ಸಮ ಆಗಿದ್ರೆ ಅರ್ಧ ಮಾಡಬಹುದಿತ್ತು ಅತ್ತಿಗೆ. ನಲವತ್ತು ಬಂದ ಕಡೆ ಎರಡು, ಸೊನ್ನೆ ಬಂದ ಕಡೆ ಮೂರು. ತಕ್ಕಡಿ ಎತ್ತ ಬಾಗುತ್ತೆ?" ಅವನ ದನಿ ಎಂದಿನಷ್ಟೇ ಮೆತ್ತಗಿತ್ತು. "ಎಂಬತ್ತು ಸಾವಿರ ಬೇಕಿತ್ತು. ಹದಿನಾರು ಸಾವಿರ ಕಡಿಮೆ. ಸೀರೆಗೆ ಐವತ್ನಾಲ್ಕು ರೂಪಾಯಿ ಮೇಲೆ ಹೇಳಿದ್ರೆ ಆಗ್ತಿತ್ತು. ಆಕೆ ಎಂಟುನೂರ ಅರವತ್ತಕ್ಕೆ ಚೀಲ ತೆಗೆದಿದ್ಲು. ನಾನೇ ನೋಡಿದೆ."

"ನೋಡ್ತಾ ಇದ್ಯಾ?" ಬಣ್ಣದಕ್ಕ ಮುಂದಿದ್ದ ಸೀರೆಗಳನ್ನು ಪಕ್ಕಕ್ಕೆ ತಳ್ಳಿದಳು. "ನೋಡ್ತಾ ಇದ್ದು ಸುಮ್ನಿದ್ಯಾ?"

"ಪಂದ್ಯ ನಿಮ್ಮದು. ನಾನು ಮಧ್ಯೆ ಬಾಯಿ ಹಾಕಿದ್ರೆ ಮೋಸ ಮಾಡಿದ ಹಾಗಾಗಲ್ವಾ?"

ಬಾಗಿಲ ಬಳಿ ಒಬ್ಬ ಮಾರಾಟದವನು ತಡೆಯಲಾರದೆ ನಕ್ಕುಬಿಟ್ಟ. ಅವನಿಗೆ ಸೀರೆ ಮಡಿಸುವುದನ್ನು ಕಲಿಸಿದವಳು ಬಣ್ಣದಕ್ಕನೇ.

ಅವಳು ಮಗಳ ಕಡೆ ತಿರುಗಿದಳು. ಮಗಳು ಮೇಜಿನ ಮೇಲೆ ಪಾಲು ಬಿಟ್ಟುಕೊಡುವ ಪತ್ರ ಹರಡಿ, ರುಜು ಹಾಕಬೇಕಾದ ಜಾಗಕ್ಕೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕುತ್ತಿದ್ದಳು.

"ನಿನ್ನ ಕೇಳಿದ್ನಲ್ಲೇ. ಅಡುಗೆಮನೇಲಿ. ಇಪ್ಪತ್ತೇ ಅಂದ್ಯಲ್ಲ."

"ಅಂದೆ."

"ಗೊತ್ತಿರಲಿಲ್ವಾ ನಿಂಗೆ?"

"ಗೊತ್ತಿತ್ತು."

ಮಗ ಮುಂದೆ ನುಗ್ಗಿದ. "ಮನೆಹಾಳಿ! ಉಂಡ ಮನೆಗೆ ಎರಡು ಬಗೀತೀಯ?"

ಮಗಳು ಅವನತ್ತ ನೋಡಲೂ ಇಲ್ಲ. ತಾಯಿಗೇ ಹೇಳಿದಳು, ಲೆಕ್ಕ ಓದಿ ಹೇಳುವ ದನಿಯಲ್ಲೇ. "ನನ್ನ ಪಾಲು ನಿಂಗೆ ಬರೆದುಕೊಟ್ಟಾಗ ಒಂದು ಮಾತು ಕೇಳಿದ್ಯಾ, ನಿಂಗೇನು ಬೇಕು ಅಂತ? ಗೋಡೆ ಹಾಕಿದ್ರೆ ಅದರ ಆಚೆ ಇವನು ಕೂರ್ತಿದ್ದ. ಈಚೆ ಚಿಕ್ಕಪ್ಪ. ನಾನೆಲ್ಲಿ ಕೂರ್ತಿದ್ದೆ ಅಮ್ಮ?"

"ನಿನ್ನ ಮದುವೆ ಮಾಡ್ತಿದ್ದೆ ಕಣೆ…"

"ಹೌದು. ಸಾಗಿಸ್ತಿದ್ರಿ."

ಮೈದುನ ಪೆನ್ನು ಮುಂದೆ ಮಾಡಿದ. ಬಣ್ಣದಕ್ಕನಿಗೆ ಕೂಗಬೇಕೆನಿಸಿತು, ಪತ್ರ ಹರಿಯಬೇಕೆನಿಸಿತು. ಆದರೆ ಮಾತು ಕೊಟ್ಟದ್ದು ಅವಳೇ, ನಾಲ್ಕು ಜನರ ಎದುರು. ಸಂತೆಯಲ್ಲಿ ಮಾತು ತಪ್ಪಿದವಳು ಎಂದು ಅನ್ನಿಸಿಕೊಂಡು ಅವಳು ಒಂದು ದಿನವೂ ಬಾಳಿದವಳಲ್ಲ. ಪೆನ್ಸಿಲಿನ ಗುರುತಿನ ಮೇಲೆ ರುಜು ಹಾಕಿದಳು. ಮೈದುನ ಕೊಟ್ಟ ಲಕೋಟೆ ತೆಳ್ಳಗಿತ್ತು. ಅದನ್ನು ಎಣಿಸಲಿಲ್ಲ.

ದಾರಿಯಲ್ಲಿ ಅವಳು ಕಂತಿನಮ್ಮನ ಮನೆಗೆ ಹೋದಳು. ಏಕೆ ಹೋದಳೆಂದು ಅವಳಿಗೇ ಸ್ಪಷ್ಟವಿರಲಿಲ್ಲ. ಹದಿನಾರು ಸಾವಿರ ಕೇಳಿ ಪಡೆದು, ಪತ್ರ ಹಿಂತಿರುಗಿಸಿಕೊಳ್ಳಬಹುದೆಂಬ ಒಂದು ಎಳೆ ಆಸೆ ಇತ್ತೇನೋ. ಅಂಗಳದಲ್ಲಿ ತಿಳಿಬಣ್ಣದ ಸೀರೆಗಳನ್ನು ಹೆಂಗಸರು ಹಂಚಿಕೊಳ್ಳುತ್ತಿದ್ದರು. ಅರ್ಧಕ್ಕರ್ಧ ಆಗಲೇ ಹೊರಟುಹೋಗಿದ್ದವು.

"ಸೀರೆಗೆ ಐವತ್ನಾಲ್ಕು ಹೆಚ್ಚು ಕೊಡು," ಎಂದಳು ಬಣ್ಣದಕ್ಕ. "ನನ್ನ ಪಾಲು ಹೋಗ್ತಿದೆ."

ಕಂತಿನಮ್ಮ ಅವಳನ್ನು ಕೂರಿಸಿ ನೀರು ಕೊಟ್ಟಳು. ಎಲ್ಲ ಕೇಳಿದಳು. ಕೇಳಿ, ಗೋಡೆಗೆ ಒರಗಿ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು.

"ಅಯ್ಯೋ ನನ್ನಕ್ಕ! ಎಂಟುನೂರ ಎಪ್ಪತ್ತು ಅಂದಿದ್ರೂ ಕೊಡ್ತಿದ್ದೆ. ಮಾರಿದ್ಮೇಲೆ ಬೆಲೆ ಏರಿಸೋರನ್ನ ಎಲ್ಲಾದ್ರೂ ಕಂಡಿದ್ದೀಯಾ? ನಾನು ನಾಳೆ ನಷ್ಟ ಆಯ್ತು ಅಂತ ಬಂದ್ರೆ ನೀನು ಕೊಡ್ತಿದ್ಯಾ?"

ಬಣ್ಣದಕ್ಕ ಯೋಚಿಸಿದಳು. ಕೊಡುತ್ತಿರಲಿಲ್ಲ. ನೀರು ಕುಡಿದು ಲೋಟ ಕೆಳಗಿಟ್ಟು ಎದ್ದಳು.

ಮನೆಗೆ ಬರುವಷ್ಟರಲ್ಲಿ ಸೊಸೆ ಪೆಟ್ಟಿಗೆ ತುಂಬುತ್ತಿದ್ದಳು. ಮಗ ಬಾಗಿಲಲ್ಲಿ ನಿಂತಿದ್ದ. ಅವನ ಮಾವನಿಗೆ ಲಾರಿ ಸರಕಿನ ಕೆಲಸವಿತ್ತು, ಅಲ್ಲೊಂದು ಕುರ್ಚಿ ಕೊಡುವುದಾಗಿ ಹಿಂದೆಯೇ ಹೇಳಿದ್ದರು.

"ಪಾಲಿಗೋಸ್ಕರ ಇಲ್ಲಿವರೆಗೂ ಕಾದೆ," ಎಂದ. "ಎಣಿಸೋಕೂ ಬಾರದೋರು ಪಂದ್ಯ ಯಾಕೆ ಕಟ್ಟಬೇಕಿತ್ತು?"

"ಊಟ ಮಾಡ್ಕೊಂಡು ಹೋಗು," ಎಂದಳು ತಾಯಿ. ಅವನು ಊಟ ಮಾಡಲಿಲ್ಲ. ಬೈಕು ಮಾತ್ರ ಮರೆಯಲಿಲ್ಲ.

ಮಗಳು ಸಂಜೆ ಎಂದಿನಂತೆ ಮನೆಗೆ ಬಂದಳು, ಎಂದಿನಂತೆ ಪಾತ್ರೆ ತೊಳೆದಳು. ತಾಯಿ-ಮಗಳು ಒಂದೇ ಸೂರಿನಡಿ ತಿಂಗಳುಗಟ್ಟಲೆ ಉಪ್ಪು, ಹಾಲು, ಬೀಗದ ಕೈ ಇಷ್ಟರ ಬಗ್ಗೆ ಮಾತ್ರ ಮಾತಾಡಿದರು. ಒಂದು ದಿನ ಮಗಳ ಜ್ವರಕ್ಕೆ ತಾಯಿ ಒದ್ದೆ ಬಟ್ಟೆ ಹಾಕಿದಳು. ಬಟ್ಟೆ ಬದಲಿಸುತ್ತ ಕೂತವಳಿಗೆ, ಈ ಹಣೆಯನ್ನು ತಾನು ಮುಟ್ಟಿ ಎಷ್ಟು ಕಾಲವಾಯಿತೆಂದು ನೆನಪಾಗಲಿಲ್ಲ. ಜ್ವರ ಬಿಟ್ಟ ಮೇಲೆ ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ.

ಮುಂದಿನ ವರ್ಷ ಮೈದುನ ಮಾರುಕಟ್ಟೆಯ ಇನ್ನೊಂದು ಬದಿಯಲ್ಲಿ ಶಾಖೆ ತೆರೆದ. ಅದನ್ನು ನೋಡಿಕೊಳ್ಳಲು ಮಗಳನ್ನು ಕೂರಿಸಿದ. ಲಾಭದಲ್ಲಿ ರೂಪಾಯಿಗೆ ನಾಲ್ಕಾಣೆ ಅವಳದು, ಅಡುಗೆಮನೆಯ ಆ ಬೆಳಿಗ್ಗೆಗೂ ಮೊದಲೇ ಆ ಮಾತಾಗಿತ್ತು ಎಂದು ಅಂಗಡಿಯವರು ಆಡಿಕೊಂಡರು. ಬಣ್ಣದಕ್ಕ ಕೇಳಿ ತಿಳಿದುಕೊಳ್ಳಲು ಹೋಗಲಿಲ್ಲ. ಮಗಳಿಗೆ ಲೆಕ್ಕ ಗೊತ್ತಿತ್ತು, ಸೀರೆ ಗೊತ್ತಿರಲಿಲ್ಲ. ಮೊದಲ ಎರಡು ಲಾಟಿನಲ್ಲಿ ತೀರುವಳಿಗೆ ಬಿದ್ದದ್ದೇ ಹೆಚ್ಚು.

ಒಂದು ಬೆಳಿಗ್ಗೆ ಮಗಳು ತಟ್ಟೆ ಸರಿಸಿ ಹೇಳಿದಳು: "ಶಾಖೆಗೆ ಮಾಲು ಆರಿಸೋರು ಬೇಕು. ಬರ್ತೀಯಾ?"

"ಸಂಬಳ ಎಷ್ಟು?"

"ಹನ್ನೆರಡು ಸಾವಿರ."

"ಹದಿನೆಂಟು."

"ಹದಿಮೂರು."

"ಹೊರಗೆ ಕೇಳಿ ನೋಡು, ನನ್ನ ಕಣ್ಣಿಗೆ ಎಷ್ಟು ಕೊಡ್ತಾರೆ ಅಂತ. ಹದಿನಾರೂವರೆ."

"ಒಂದು ಸಲ ಮುನ್ನೂರು ತಿಳಿಬಣ್ಣ ತಂದವರ ಕಣ್ಣು," ಎಂದಳು ಮಗಳು.

ತಾಯಿಯ ಮುಖ ಬಿಗಿಯಿತು. ಆದರೆ ಅವಳು ಎದ್ದುಹೋಗಲಿಲ್ಲ. ಇಬ್ಬರೂ ಇನ್ನೂ ಸ್ವಲ್ಪ ಹೊತ್ತು ಎಳೆದಾಡಿದರು. ಹದಿನಾಲ್ಕೂವರೆಗೆ ನಿಂತಿತು.

"ಲಾಭದಲ್ಲಿ ಏನಾದ್ರೂ?" ಎಂದಳು ಬಣ್ಣದಕ್ಕ.

"ಇಲ್ಲ. ಸಂಬಳ ಮಾತ್ರ."

ಬಣ್ಣದಕ್ಕ ಸೆರಗು ಸರಿಮಾಡಿಕೊಂಡು, ಬಸ್ಸಿಗೆ ಹೊತ್ತಾಗುತ್ತದೆಂದು ಚಪ್ಪಲಿ ಹುಡುಕತೊಡಗಿದಳು.